ನಾನು ವಿರೋಧಿಸಲೇ ಇಲ್ಲ, ನಡಾವಳಿಯಲ್ಲಿ ಹಾಗಿದೆ

ಪ್ರಶ್ನೆ: ಜತ್ತ ತಾಲ್ಲೂಕಿನ ಅಸಂಗಿಯವನು, ರೈತ ಉತ್ಪಾದಕ ಕಂಪನಿಯೊಂದರ ನಿರ್ದೇಶಕ. ಶೀತಲಗೃಹದ ಸಾಲದ ಬಡ್ಡಿ ಎಷ್ಟೆಂದು ಕೇಳಿ, ಠರಾವಿಗೆ ಒಪ್ಪಿಗೆಯನ್ನೇ ಕೊಟ್ಟೆ. ನಡಾವಳಿಯ ಕರಡಿನಲ್ಲಿ ‘ವಿರೋಧಿಸಿದರು’ ಎಂದಿದೆ. ಏನು ಮಾಡಲಿ?

ಉತ್ತರ: ತಡಮಾಡಬೇಡಿ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಾನದಂಡದಂತೆ ಕರಡು ಸಭೆಯಾದ 15 ದಿನದೊಳಗೆ ನಿರ್ದೇಶಕರಿಗೆ ಬರಬೇಕು. ಆಕ್ಷೇಪಕ್ಕೆ ಅಲ್ಲಿಂದ 7 ದಿನ. ಸುಮ್ಮನಿದ್ದರೆ ಒಪ್ಪಿದಂತೆ. ಪತ್ರದಲ್ಲಿ ಸಭೆಯ ದಿನಾಂಕ, ವಿಷಯ ಸಂಖ್ಯೆ, ತಪ್ಪಾದ ವಾಕ್ಯ ಬರೆದು, ಅದರ ಬದಲಿಗೆ ಹೀಗೆ ಕೇಳಿ: ‘ಬಡ್ಡಿದರದ ವಿವರ ಕೇಳಿದರು; ಠರಾವಿಗೆ ಸಮ್ಮತಿಸಿದರು.’ ಪತ್ರ ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ.

ನಡಾವಳಿ ಪುಸ್ತಕಕ್ಕೆ ಏರಿಬಿಟ್ಟಿದ್ದರೆ ಯಾರೂ ಅದನ್ನು ಹೊಡೆದು ತಿದ್ದುವಂತಿಲ್ಲ. ಮುಂದಿನ ಸಭೆಯಲ್ಲಿ ಮಂಡಳಿಯೇ ಸ್ಪಷ್ಟವಾಗಿ ಒಪ್ಪಬೇಕು, ತಿದ್ದಿದ ಸಂಗತಿ ಆ ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಸಭೆಯ ನಂತರ ಮನಸ್ಸು ಬದಲಾಗಿದ್ದರೆ ಮಾತ್ರ ಈ ದಾರಿ ಸಲ್ಲದು.