ಒಂದು ಸಂದಿಯ ಲಾಭನಷ್ಟ

ಕುರ್ಚಿಯಂತೆ ಕುಳಿತುಕೊಳ್ಳುವ ಪಾಶ್ಚಾತ್ಯ ಮಾದರಿಯ ಕಮೋಡಿನಲ್ಲಿ ಎರಡು ಮುಖ್ಯ ಭಾಗಗಳುಂಟು. ಕೆಳಗಿರುವುದು ಬೋಗುಣಿ; ಅದರ ಹಿಂಬದಿಯಲ್ಲಿ ನಿಂತಿರುವುದು ನೀರಿನ ಟ್ಯಾಂಕು. ಹಳೆಯ ಕಟ್ಟಡಗಳಲ್ಲಿ ಈ ಟ್ಯಾಂಕನ್ನು ಗೋಡೆಯ ಮೇಲೆ ಎತ್ತರದಲ್ಲಿಟ್ಟು, ಸರಪಳಿಯನ್ನು ಜಗ್ಗಿ ನೀರನ್ನು ಬಿಡುತ್ತಿದ್ದರು. ಬರಬರುತ್ತ ಟ್ಯಾಂಕು ಕೆಳಗಿಳಿದು ಬೋಗುಣಿಯ ಬೆನ್ನ ಮೇಲೆಯೇ ಕುಳಿತಿತು. ಈಗ ಅಂಗಡಿಗೆ ಹೋದವರ ಮುಂದೆ ಎರಡು ಬಗೆಗಳು ನಿಲ್ಲುತ್ತವೆ. ಒಂದರಲ್ಲಿ ಟ್ಯಾಂಕು ಮತ್ತು ಬೋಗುಣಿಗಳು ಬೇರೆ ಬೇರೆಯಾಗಿದ್ದು, ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತವೆ. ಇನ್ನೊಂದರಲ್ಲಿ ಅವೆರಡೂ ಒಡೆಯದ ಒಂದೇ ಪಿಂಗಾಣಿಯಾಗಿರುತ್ತವೆ. ವರ್ತಕರು ಇವನ್ನು ‘ಟೂ ಪೀಸ್’ ಮತ್ತು ‘ಒನ್ ಪೀಸ್’ ಎನ್ನುವರು. ನಾವು ದ್ವಿಖಂಡ ಮತ್ತು ಏಕಖಂಡ ಎಂದು ಕರೆಯೋಣ.

ಇವುಗಳ ನಡುವಣ ವ್ಯತ್ಯಾಸವೆಲ್ಲವೂ ಒಂದೇ ಒಂದು ಸಂದಿಯಿಂದ ಹುಟ್ಟುತ್ತದೆ. ಕೊಳೆ, ರಿಪೇರಿ, ಬೆಲೆ, ಮಹಡಿಗೆ ಸಾಗಿಸುವ ಶ್ರಮ ಈ ನಾಲ್ಕೂ ಆ ಸಂದಿಯ ಫಲಗಳೇ. ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಈ ವಸ್ತು ತಯಾರಾಗುವ ಬಗೆಯನ್ನು ತಿಳಿಯಬೇಕು. ನುಣ್ಣನೆಯ ಜೇಡಿಮಣ್ಣನ್ನು ಇತರ ಖನಿಜಗಳ ಪುಡಿಯೊಡನೆ ನೀರಿನಲ್ಲಿ ಕಲಸಿ, ಕೆನೆಯಂಥ ರಾಡಿಯನ್ನು ಮಾಡುತ್ತಾರೆ. ಈ ರಾಡಿಯನ್ನು ಅಚ್ಚಿನೊಳಗೆ ಹೊಯ್ದಾಗ ಅಚ್ಚು ನೀರನ್ನು ಹೀರಿಕೊಂಡು, ಮಣ್ಣಿನ ಪದರವು ಅದರ ಗೋಡೆಗೆ ಕಟ್ಟುತ್ತದೆ. ಸಾಕಷ್ಟು ದಪ್ಪ ಕಟ್ಟಿದ ಮೇಲೆ ಉಳಿದ ರಾಡಿಯನ್ನು ಹೊರಚೆಲ್ಲಿ, ಹಸಿಯ ವಸ್ತುವನ್ನು ಒಣಗಿಸಿ, ಹೊಳಪಿನ ಲೇಪವನ್ನು ಕೊಟ್ಟು, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಡುತ್ತಾರೆ. ಒಣಗಿ ಸುಟ್ಟು ಹೊರಬರುವ ಹೊತ್ತಿಗೆ ಅದು ಸರಿಸುಮಾರು ಹತ್ತನೆಯ ಒಂದು ಪಾಲಿನಷ್ಟು ಕುಗ್ಗಿರುತ್ತದೆ. ಈ ಕುಗ್ಗುವಿಕೆ ಎಲ್ಲೆಡೆಯೂ ಸಮನಾಗದಿದ್ದರೆ ವಸ್ತು ಸೊಟ್ಟಗಾಗುವುದು ಅಥವಾ ಬಿರುಕುಬಿಡುವುದು.

ಬೆಲೆಯ ರಹಸ್ಯವಿರುವುದು ಇಲ್ಲಿಯೇ. ನೂರು ಬೋಗುಣಿಗಳನ್ನು ಸುಟ್ಟರೆ ತೊಂಬತ್ತು, ನೂರು ಟ್ಯಾಂಕುಗಳನ್ನು ಸುಟ್ಟರೆ ತೊಂಬತ್ತೈದು ನಿರ್ದೋಷವಾಗಿ ಬರುತ್ತವೆಂದು ಲೆಕ್ಕಕ್ಕಾಗಿ ಭಾವಿಸೋಣ. ದ್ವಿಖಂಡದಲ್ಲಿ ಟ್ಯಾಂಕು ಕೆಟ್ಟರೆ ಟ್ಯಾಂಕನ್ನು ಮಾತ್ರ ಎಸೆಯಬೇಕು. ಬೋಗುಣಿ ಬೇರೊಂದು ಟ್ಯಾಂಕಿಗೆ ಜೊತೆಯಾಗುತ್ತದೆ. ಏಕಖಂಡದಲ್ಲಿ ಎರಡೂ ಭಾಗಗಳು ಏಕಕಾಲದಲ್ಲಿ ನೆಟ್ಟಗೆ ಬರಬೇಕು. 0.90 ಮತ್ತು 0.95ನ್ನು ಗುಣಿಸಿದರೆ 0.855 ಆಗುತ್ತದೆ. ಎಂದರೆ ನೂರರಲ್ಲಿ ಎಂಬತ್ತೈದೋ ಎಂಬತ್ತಾರೋ ಮಾತ್ರ ಮಾರಾಟಕ್ಕೆ ಯೋಗ್ಯ. ಉಳಿದವುಗಳಲ್ಲಿ ಒಳ್ಳೆಯ ಭಾಗವೂ ಕೆಟ್ಟ ಭಾಗದೊಡನೆ ಕಸವಾಗುತ್ತದೆ. ಇದಲ್ಲದೆ ದೊಡ್ಡ ವಸ್ತು ಕುಲುಮೆಯಲ್ಲಿ ಹೆಚ್ಚು ಸ್ಥಳವನ್ನು ಹಿಡಿಯುತ್ತದೆ. ಆದುದರಿಂದ ಒಂದೇ ಕಾರ್ಖಾನೆಯ ಒಂದೇ ದರ್ಜೆಯ ಮಾಲಿನಲ್ಲಿ ಏಕಖಂಡದ ಬೆಲೆ ಸಾಮಾನ್ಯವಾಗಿ ಮೇಲಿರುತ್ತದೆ. ಹಾಗೆಂದು ಅಗ್ಗದ ಏಕಖಂಡವೊಂದು ಉತ್ತಮ ದರ್ಜೆಯ ದ್ವಿಖಂಡಕ್ಕಿಂತ ಕಡಮೆಗೆ ಸಿಗಲಾರದೆಂದಲ್ಲ. ಬೆಲೆಗಳನ್ನು ಹೋಲಿಸುವಾಗ ದರ್ಜೆ ಸಮನಾಗಿರಬೇಕು, ಅಷ್ಟೆ.

ಇನ್ನು ಕೊಳೆಯ ವಿಚಾರ. ದ್ವಿಖಂಡದಲ್ಲಿ ಟ್ಯಾಂಕಿನ ತಳಕ್ಕೂ ಬೋಗುಣಿಯ ಹಿಂಬದಿಗೂ ನಡುವೆ ಬೆರಳು ಹೋಗದಷ್ಟು ಕಿರಿದಾದ ಬಿಡುವು ಉಳಿಯುತ್ತದೆ. ನಡುವೆ ದಪ್ಪನಾದ ರಬ್ಬರಿನ ಉಂಗುರವೂ, ಅದರ ಪಕ್ಕಗಳಲ್ಲಿ ಎರಡು ಅಥವಾ ಮೂರು ಬೋಲ್ಟುಗಳೂ ಇರುತ್ತವೆ. ಸ್ನಾನದ ಮನೆ ಮತ್ತು ಶೌಚಾಲಯ ಒಂದೇ ಕೋಣೆಯಲ್ಲಿರುವಲ್ಲಿ ಸಾಬೂನಿನ ನೀರು ಸಿಡಿದು ಈ ಬಿಡುವನ್ನು ಸೇರುತ್ತದೆ. ಧೂಳು ಅದಕ್ಕೆ ಅಂಟುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಅದು ಆರಿದಾಗ ಬಿಳಿಯ ಸುಣ್ಣದ ಹೊಪ್ಪಳಿಕೆ ಕಟ್ಟುತ್ತದೆ. ಬ್ರಷ್ಷು ಅಲ್ಲಿಗೆ ಹೋಗದು. ಉದ್ದನೆಯ ಬಟ್ಟೆಯ ಪಟ್ಟಿಯನ್ನು ಸಂದಿಯೊಳಗೆ ತೂರಿಸಿ, ಅದರ ಎರಡು ತುದಿಗಳನ್ನೂ ಹಿಡಿದು ಮಜ್ಜಿಗೆ ಕಡೆಯುವ ಹಗ್ಗದಂತೆ ಅತ್ತಿತ್ತ ಎಳೆದರೆ ಮಾತ್ರ ಕೊಳೆ ಬರುತ್ತದೆ. ಏಕಖಂಡದಲ್ಲಿ ಈ ಕೆಲಸವೇ ಇಲ್ಲ; ನುಣುಪಾದ ಮೈಯನ್ನು ಒಮ್ಮೆ ಒರೆಸಿದರೆ ಸಾಕು.

ಆದರೆ ಈ ಗುಣವನ್ನು ಅತಿಯಾಗಿ ಎಣಿಸಬಾರದು. ದುರ್ವಾಸನೆಗೆ ಕಾರಣವಾಗುವ ಕೊಳೆ ಹೆಚ್ಚಾಗಿ ನಿಲ್ಲುವುದು ಬೇರೆ ಎಡೆಗಳಲ್ಲಿ: ಬೋಗುಣಿಯ ಅಂಚಿನ ಒಳಮಡಿಕೆಯಲ್ಲಿ, ಕೂರುವ ಸೀಟಿನ ಕೀಲುಗಳ ಬುಡದಲ್ಲಿ, ನೆಲವನ್ನು ಮುಟ್ಟುವ ಅಂಚಿನಲ್ಲಿ. ಇವು ಎರಡು ಬಗೆಗಳಿಗೂ ಸಮಾನ. ಏಕಖಂಡವು ಸಂದಿಗಳಲ್ಲಿ ಒಂದನ್ನು ಮಾತ್ರ ತೊಡೆದುಹಾಕುತ್ತದೆ.

ರಿಪೇರಿಯ ವಿಷಯದಲ್ಲಿ ಸಂದಿಯು ಒಮ್ಮೆ ಶತ್ರು, ಒಮ್ಮೆ ಮಿತ್ರ. ಕಮೋಡಿನಿಂದ ನೀರು ಸೋರಿದಾಗ ಅದು ಎಲ್ಲಿಂದ ಬಂದಿತೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಟ್ಯಾಂಕಿನ ನೀರಿಗೆ ಬೀಟ್‌ರೂಟಿನ ರಸವನ್ನೋ ಅಡುಗೆಯ ಬಣ್ಣವನ್ನೋ ಬೆರೆಸಿ, ಅರ್ಧ ಗಂಟೆ ಯಾರೂ ಫ್ಲಷ್ ಮಾಡದಂತೆ ಬಿಡಬೇಕು. ಸಂದಿಯ ಕೆಳಗೆ ಒಣಗಿದ ಬಿಳಿ ಕಾಗದವನ್ನು ಹಾಸಬೇಕು. ಬೋಗುಣಿಯೊಳಗಿನ ನೀರಿಗೆ ಬಣ್ಣ ಬಂದರೆ, ಟ್ಯಾಂಕಿನ ತಳದಲ್ಲಿರುವ ಬಿರಡೆಯ ರಬ್ಬರು ಸವೆದಿದೆ. ಈ ದೋಷ ಎರಡು ಬಗೆಗಳಲ್ಲಿಯೂ ಬರುತ್ತದೆ. ಕಾಗದದ ಮೇಲೆ ಬೋಲ್ಟಿನ ನೇರಕ್ಕೆ ಬಣ್ಣದ ಹನಿ ಬಿದ್ದರೆ, ಬೋಲ್ಟಿನ ವಾಷರು ಗಟ್ಟಿಯಾಗಿ ಸೀಳಿದೆ. ಅರ್ಧ ಗಂಟೆಯೂ ಒಣಗಿಯೇ ಇದ್ದ ಕಾಗದವು ಫ್ಲಷ್ ಮಾಡಿದೊಡನೆ ಒದ್ದೆಯಾದರೆ, ದೋಷವಿರುವುದು ನಡುವಣ ದಪ್ಪ ಉಂಗುರದಲ್ಲಿ; ಏಕೆಂದರೆ ನೀರು ಆ ದಾರಿಯನ್ನು ಹಾಯುವುದು ಫ್ಲಷ್ ಮಾಡಿದಾಗ ಮಾತ್ರ. ಈ ಕೊನೆಯ ಎರಡು ದೋಷಗಳು ಏಕಖಂಡಕ್ಕೆ ಬರುವ ಸಂಭವವೇ ಇಲ್ಲ.

ಸೆಕೆಂಡಿಗೆ ಒಂದು ಹನಿಯಷ್ಟೆ ಎಂದು ಸೋರಿಕೆಯನ್ನು ಅಲಕ್ಷಿಸುವವರಿದ್ದಾರೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನಂತೆ ಹಿಡಿದರೂ ದಿನದ 86,400 ಹನಿಗಳು ನಾಲ್ಕು ಲೀಟರನ್ನು ಮೀರುತ್ತವೆ. ಮಹಡಿಯ ಮನೆಯಲ್ಲಿ ಈ ನೀರು ಕೆಳಗಿನವರ ಸೂರನ್ನು ನೆನೆಸುವುದು. ಅದನ್ನು ನಿಲ್ಲಿಸಲು ಕೆಲವರು ನಟ್ಟನ್ನು ಬಲವಾಗಿ ತಿರುಗಿಸುತ್ತಾರೆ, ಇದು ಅಪಾಯಕರ. ಪಿಂಗಾಣಿಯು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಒಂದೇ ಬೋಲ್ಟನ್ನು ಬಿಗಿದಾಗ ಟ್ಯಾಂಕಿನ ತಳ ಬಾಗಲು ಹವಣಿಸಿ, ಬಾಗಲಾರದೆ ಸೀಳುತ್ತದೆ. ಹಳೆಯ ವಾಷರುಗಳನ್ನು ತೆಗೆದು ಹೊಸದನ್ನು ಹಾಕಿ, ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುವುದೇ ಸರಿಯಾದ ಕ್ರಮ. ಕಮೋಡು ತೊಳೆಯುವ ಆಮ್ಲ ಆ ಬೋಲ್ಟುಗಳ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು. ಅದು ಲೋಹವನ್ನು ತಿನ್ನುತ್ತದೆ.

ಆದರೆ ಟ್ಯಾಂಕೇ ಒಡೆಯಿತೆನ್ನಿ. ಆಗ ಸಂದಿಯು ಮಿತ್ರನಾಗುತ್ತದೆ. ದ್ವಿಖಂಡದಲ್ಲಿ ನೀರಿನ ಕೊಳವೆಯನ್ನು ಬಿಚ್ಚಿ, ಬೋಲ್ಟುಗಳನ್ನು ಸಡಿಲಿಸಿ, ಅದೇ ಮಾದರಿಯ ಬೇರೆ ಟ್ಯಾಂಕನ್ನು ಕೂರಿಸಬಹುದು. ಬೋಗುಣಿ ನೆಲದಿಂದ ಕದಲಬೇಕಾಗಿಲ್ಲ. ಏಕಖಂಡದಲ್ಲಿ ನೆಲದ ಸಿಮೆಂಟನ್ನು ಬಿಡಿಸಿ ಇಡೀ ಕಮೋಡನ್ನೇ ಎತ್ತಬೇಕು. ಅಲ್ಲದೆ ಏಕಖಂಡದ ಟ್ಯಾಂಕು ಅನೇಕ ಮಾದರಿಗಳಲ್ಲಿ ತಗ್ಗಾಗಿರುವುದರಿಂದ, ಅದರೊಳಗಿನ ಯಂತ್ರಭಾಗಗಳು ಆ ಮಾದರಿಗೆಂದೇ ಮಾಡಿದವಾಗಿದ್ದು, ಊರಿನ ಎಲ್ಲ ಅಂಗಡಿಗಳಲ್ಲಿಯೂ ದೊರೆಯುವುದಿಲ್ಲ.

ಉಳಿದದ್ದು ಸಾಗಿಸುವ ಪ್ರಶ್ನೆ. ಇದಕ್ಕೊಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಇಪ್ಪತ್ತಡಿ ಮೂವತ್ತಡಿಯ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿಯನ್ನು ಕಟ್ಟಿರುತ್ತಾರೆ. ಅಂಥ ಮನೆಯೊಂದರ ಮೆಟ್ಟಿಲಿನ ಅಗಲ ಎರಡೂವರೆ ಅಡಿ, ಎಂದರೆ ಸುಮಾರು 75 ಸೆಂಟಿಮೀಟರು, ಇರಲಿ. ತಿರುವಿನ ಚಪ್ಪಟೆ ಜಾಗದ ಆಳವೂ ಅಷ್ಟೇ ಇರಲಿ. ನಮ್ಮ ಏಕಖಂಡದ ಉದ್ದ 70, ಅಗಲ 37, ಎತ್ತರ 73 ಸೆಂಟಿಮೀಟರು. ತೂಕ 45 ಕಿಲೋಗ್ರಾಂ.

ನೇರವಾದ ಮೆಟ್ಟಿಲಿನಲ್ಲಿ ಅದು ತೊಂದರೆಯಿಲ್ಲದೆ ಸಾಗುತ್ತದೆ. ತಿರುವಿನಲ್ಲಿ ಅದನ್ನು ನಿಂತ ಭಂಗಿಯಲ್ಲೇ ತಿರುಗಿಸಬೇಕಾದರೆ 70 ಮತ್ತು 37ರ ಕರ್ಣಕ್ಕೆ ಜಾಗ ಬೇಕು. ಪೈಥಾಗೊರಸನ ಪ್ರಮೇಯದಂತೆ ಆ ಕರ್ಣ ಸುಮಾರು 79 ಸೆಂಟಿಮೀಟರು. ಇರುವ ಜಾಗ 75. ಹಿಂಬದಿಯ ಮೇಲೆ ಮಲಗಿಸಿದರೂ ಪ್ರಯೋಜನವಿಲ್ಲ. 73 ಮತ್ತು 37ರ ಕರ್ಣ 82ರಷ್ಟಾಗುತ್ತದೆ. ಆದುದರಿಂದ ಅದನ್ನು ತಿರುಗಿಸದೆ, ಅಡ್ಡಕ್ಕೆ ಸರಿಸಿ, ಹೊತ್ತವರೇ ಸ್ಥಾನ ಬದಲಿಸಬೇಕು. ಮುಂದೆ ನಿಂತವನಿಗಾದರೋ ಗೋಡೆಗೂ ಕಮೋಡಿಗೂ ನಡುವೆ ಐದೇ ಸೆಂಟಿಮೀಟರು ಉಳಿಯುತ್ತದೆ! ಪ್ರತಿ ತಿರುವಿನಲ್ಲಿಯೂ ಅದನ್ನು ಕೆಳಗಿಳಿಸದೆ ಗತ್ಯಂತರವಿಲ್ಲ.

ಹೊರೆಯ ಹಂಚಿಕೆ ಇನ್ನೂ ಗಂಭೀರವಾದುದು. ಇಬ್ಬರು ಹೊತ್ತರೆ ತಲಾ ಇಪ್ಪತ್ತೆರಡೂವರೆ ಕಿಲೋಗ್ರಾಂ ಎಂದು ನಾವು ಎಣಿಸುತ್ತೇವೆ. ಸಮನೆಲದಲ್ಲಿ ಇದು ನಿಜ. ಮೆಟ್ಟಿಲಿನ ಎತ್ತರ 17.5, ಅಗಲ 25 ಸೆಂಟಿಮೀಟರಾದರೆ ಇಳಿಜಾರು 35 ಡಿಗ್ರಿ. ಇಬ್ಬರೂ ತಳದಲ್ಲಿ 60 ಸೆಂಟಿಮೀಟರು ಅಂತರದಲ್ಲಿ ಹಿಡಿದು ಕಮೋಡನ್ನು ಇಳಿಜಾರಿನಂತೆಯೇ ಓರೆಮಾಡಿದರೆ, ಕೈಗಳ ನಡುವಣ ಸಮತಲ ಅಂತರ 49 ಸೆಂಟಿಮೀಟರಿಗೆ ಇಳಿಯುತ್ತದೆ. ಗುರುತ್ವಕೇಂದ್ರವು ಹಿಡಿತದ ನಡುವೆ, ತಳದಿಂದ 30 ಸೆಂಟಿಮೀಟರು ಮೇಲಿದ್ದರೆ ಅದು 17 ಸೆಂಟಿಮೀಟರು ಕೆಳಗಿನವನ ಕಡೆಗೆ ವಾಲುತ್ತದೆ. ಸನ್ನೆಯ ನಿಯಮದಂತೆ ಲೆಕ್ಕ ಹಾಕಿದರೆ ಕೆಳಗಿನವನ ಪಾಲು ಸುಮಾರು 38 ಕಿಲೋಗ್ರಾಂ. ಮೇಲಿನವನದು ಬರಿಯ 7. ಮೇಲಿನವನು ಹಗುರವೆಂದು ಬೇಗ ಹೆಜ್ಜೆಯಿಟ್ಟಷ್ಟೂ ಕೆಳಗಿನವನ ಎದೆಯ ಮೇಲೆ ಭಾರ ಏರುತ್ತದೆ. ಅವನು ಕೈಬಿಟ್ಟರೆ ಒಡೆದ ಪಿಂಗಾಣಿಯ ಅಂಚು ಚಾಕುವಿನಂತೆ ಕೊಯ್ಯುವುದು. ತಳದಡಿ ಗಟ್ಟಿಯಾದ ಪಟ್ಟಿಯನ್ನು ಹಾಯಿಸಿ, ಮೇಲಿನವನು ಅದರ ತುದಿಯನ್ನು ಹಿಡಿದು, ಕಮೋಡು ಸಮತಲವಾಗಿರುವಂತೆ ನೋಡಿಕೊಂಡರೆ ಹೊರೆ ಮತ್ತೆ ಸಮನಾಗುತ್ತದೆ. ಬಲಶಾಲಿಯಾದವನು ಕೆಳಗಿರಬೇಕು.

ದ್ವಿಖಂಡದ ಒಟ್ಟು ತೂಕವೂ ಹೆಚ್ಚು ಕಡಮೆ ಅಷ್ಟೇ ಇರಬಹುದು. ಆದರೆ ಅದು ಎರಡು ಪಾಲಾಗಿ ಬರುತ್ತದೆ. ಬೋಗುಣಿಯ ಎತ್ತರ ಸುಮಾರು 40 ಸೆಂಟಿಮೀಟರು ಮಾತ್ರವಾದುದರಿಂದ, ಅದನ್ನು ನೆಟ್ಟಗೆ ನಿಲ್ಲಿಸಿ ತಬ್ಬಿಹಿಡಿದರೆ ತಿರುಗಲು ಬೇಕಾದ ಕರ್ಣ 55 ಸೆಂಟಿಮೀಟರು ಸಾಕು. ಒಬ್ಬನೇ ಬೋಗುಣಿಯನ್ನು ಒಯ್ದು, ಮತ್ತೆ ಬಂದು ಟ್ಯಾಂಕನ್ನು ಒಯ್ಯಬಹುದು.

ಆದುದರಿಂದ ಮೇಲೆ ಹೇಳಿದ ಕಿರಿದಾದ ಮೆಟ್ಟಿಲಿನ ಮನೆಯ ಮೂರನೆಯ ಮಹಡಿಗೆ ದ್ವಿಖಂಡವೇ ತಕ್ಕುದು. ಸಂದಿಯನ್ನು ವಾರಕ್ಕೊಮ್ಮೆ ಬಟ್ಟೆಯ ಪಟ್ಟಿಯಿಂದ ಉಜ್ಜುವ ಶ್ರಮವನ್ನು ಅಲ್ಲಿಯವರು ಒಪ್ಪಿಕೊಳ್ಳಬೇಕು. ಅದೇ ಮನೆಯ ನೆಲಮಹಡಿಯಲ್ಲಿ, ಸ್ನಾನದ ನೀರು ಸಿಡಿಯುವ ಚಿಕ್ಕ ಕೋಣೆಯಲ್ಲಿ, ಏಕಖಂಡಕ್ಕೆ ಹೆಚ್ಚು ಹಣ ಕೊಡುವುದು ಅವಿವೇಕವಲ್ಲ. ಯಾವುದನ್ನೇ ಕೊಂಡರೂ ಮೆಟ್ಟಿಲಿನ ತಿರುವನ್ನು ಮುಂಚಿತವಾಗಿ ಟೇಪಿನಿಂದ ಅಳೆದು, ಪೆಟ್ಟಿಗೆಯ ಮೇಲಿನ ಮಾದರಿಯ ಸಂಖ್ಯೆಯನ್ನು ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ ಬರೆದಿಡಬೇಕು. ಹತ್ತು ವರ್ಷಗಳ ಮೇಲೆ ವಾಷರನ್ನು ಹುಡುಕಿಕೊಂಡು ಅಂಗಡಿಗೆ ಹೋಗುವವರಿಗೆ ಆ ಸಂಖ್ಯೆಯೇ ದಾರಿತೋರುವುದು.