ಫೋಟೊದಲ್ಲಿ ಚರ್ಮದ ಬ್ಯಾಗನ್ನು ಓದುವುದು ಹೇಗೆ?

ಆನ್‌ಲೈನಿನಲ್ಲಿ ಚರ್ಮದ ಬ್ಯಾಗು ಕೊಳ್ಳುವವರು ಅದನ್ನು ಮೂಸಿ ನೋಡುವಂತಿಲ್ಲ, ಮಡಚಿ ನೋಡುವಂತಿಲ್ಲ, ಕೈಯಲ್ಲಿ ಹಿಡಿದು ತೂಕ ನೋಡುವಂತೆಯೂ ಇಲ್ಲ. ಸಿಗುವುದು ನಾಲ್ಕೈದು ಫೋಟೊ, ಅದರ ಕೆಳಗೆ ‘ಪ್ರೀಮಿಯಂ’, ‘ಕ್ಲಾಸಿಕ್’, ‘ಜೆನ್ಯೂಯಿನ್ ಲೆದರ್’ ಎಂಬ ಪದಗಳು. ಇವು ಬ್ಯಾಗಿನ ಬಗ್ಗೆ ಹೇಳುವುದು ಬಹಳ ಕಡಿಮೆ. ಫೋಟೊ ಮಾತ್ರ ಸಾಕಷ್ಟು ಹೇಳುತ್ತದೆ. ಚರ್ಮ, ದಾರ, ಲೋಹ ಮೂರೂ ಬೆಳಕನ್ನು ಒಂದೊಂದು ರೀತಿಯಲ್ಲಿ ಹಿಂತಿರುಗಿಸುತ್ತವೆ. ಆ ವ್ಯತ್ಯಾಸವನ್ನು ಗುರುತಿಸಿದರೆ ಬ್ಯಾಗನ್ನು ನೋಡಲೂ ಬರುತ್ತದೆ, ಅದರ ಬಗ್ಗೆ ನಾಲ್ಕು ಸಾಲು ಸರಿಯಾಗಿ ಬರೆಯಲೂ ಬರುತ್ತದೆ.

ಒಂದು ಬ್ಯಾಗನ್ನೇ ತೆಗೆದುಕೊಳ್ಳೋಣ. ಜೇನಿನ ಬಣ್ಣದ, ಭುಜಕ್ಕೆ ಹಾಕುವ ಬ್ಯಾಗು. ಮುಂದೆ ಮಡಚಿ ಮುಚ್ಚುವ ಫ್ಲ್ಯಾಪ್, ಅದರ ಮೇಲೊಂದು ಹಿತ್ತಾಳೆಯ ಬಕಲ್, ಅಂಚಿನುದ್ದಕ್ಕೂ ಕೆನೆಬಣ್ಣದ ದಾರದ ಹೊಲಿಗೆ. ಸ್ಟುಡಿಯೋದಲ್ಲಿ ಅದನ್ನು ತಿಳಿಬೂದು ಹಿನ್ನೆಲೆಯ ಮುಂದೆ ಇಡುತ್ತಾರೆ. ಆಕಾರ ಕುಸಿಯದಂತೆ ಒಳಗೆ ತೆಳುಕಾಗದ ತುಂಬುತ್ತಾರೆ. ಹಿಡಿಕೆ ನೆಟ್ಟಗೆ ನಿಲ್ಲಲು ಸಣ್ಣ ನೈಲಾನ್ ದಾರದಿಂದ ಮೇಲಕ್ಕೆ ಕಟ್ಟಿ, ಆ ದಾರವನ್ನು ಆಮೇಲೆ ಚಿತ್ರದಿಂದ ಅಳಿಸುತ್ತಾರೆ.

ಇನ್ನು ಬೆಳಕು. ಕ್ಯಾಮೆರಾದ ಪಕ್ಕದಿಂದಲೇ ನೇರವಾಗಿ ಬೆಳಕು ಬಿಟ್ಟರೆ ಚರ್ಮ ಚಪ್ಪಟೆಯಾಗಿ, ರೆಕ್ಸಿನ್ನಿನ ಹಾಗೆ ಕಾಣುತ್ತದೆ. ಅದೇ ದೀಪವನ್ನು ಎಡಪಕ್ಕಕ್ಕೆ ಸರಿಸಿ, ಬೆಳಕು ಚರ್ಮವನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಬಿಟ್ಟರೆ ಪ್ರತಿಯೊಂದು ಉಬ್ಬಿನ ಹಿಂದೆ ಚಿಕ್ಕ ನೆರಳು ಬೀಳುತ್ತದೆ. ಆಗ ಗ್ರೇನ್ ಎದ್ದು ಕಾಣುತ್ತದೆ. ಗ್ರೇನ್ ಎಂದರೆ ಪ್ರಾಣಿಯ ಕೂದಲು ಬೆಳೆದಿದ್ದ ರಂಧ್ರಗಳು ಮತ್ತು ಅವುಗಳ ಸುತ್ತಲಿನ ಸಣ್ಣ ಉಬ್ಬುತಗ್ಗುಗಳು ಸೇರಿ ಆದ ಮೇಲ್ಮೈ.

ಮೇಲ್ಪದರವನ್ನು ಉಜ್ಜದೆ ಹಾಗೇ ಉಳಿಸಿದ ಚರ್ಮಕ್ಕೆ ಫುಲ್ ಗ್ರೇನ್ ಎನ್ನುತ್ತಾರೆ. ಇದರಲ್ಲಿ ಎಲ್ಲ ಕಡೆ ಒಂದೇ ವಿನ್ಯಾಸ ಇರುವುದಿಲ್ಲ. ಬೆನ್ನಿನ ಭಾಗ ಬಿಗಿಯಾಗಿ ನಯವಾಗಿರುತ್ತದೆ, ಹೊಟ್ಟೆಯ ಭಾಗ ಸಡಿಲವಾಗಿರುತ್ತದೆ, ಕತ್ತಿನ ಭಾಗದಲ್ಲಿ ಸುಕ್ಕಿನ ಗೆರೆಗಳು ಸಿಗುತ್ತವೆ. ಅಲ್ಲಲ್ಲಿ ಮುಳ್ಳು ಗೀಚಿದ ಗುರುತೋ ಕೀಟ ಕಡಿದ ಕಲೆಯೋ ಉಳಿದಿರಬಹುದು. ಕಲೆ ಹೆಚ್ಚಿರುವ ಚರ್ಮದ ಮೇಲ್ಪದರವನ್ನು ಉಜ್ಜಿ, ಬಣ್ಣದ ಲೇಪ ಹಚ್ಚಿ, ಬಿಸಿ ಅಚ್ಚಿನಿಂದ ಹೊಸ ಗ್ರೇನ್ ಒತ್ತುವುದೂ ಉಂಟು. ಇದು ಕರೆಕ್ಟೆಡ್ ಗ್ರೇನ್. ಇದನ್ನು ಗುರುತಿಸಲು ಎರಡು ದಾರಿಗಳಿವೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ಒಂದೇ ಗುರುತು ನಿರ್ದಿಷ್ಟ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಅದು ಅಚ್ಚಿನ ಕೆಲಸ. ಎರಡನೆಯದು ಹೊಳಪಿನ ಅಂಚು. ದಪ್ಪ ಲೇಪವಿದ್ದರೆ ಹೊಳಪು ಒಂದೇ ಹಾಳೆಯಾಗಿ, ಅಂಚು ಚೂಪಾಗಿ ನಿಲ್ಲುತ್ತದೆ. ಲೇಪವಿಲ್ಲದ ಚರ್ಮದಲ್ಲಿ ಅದೇ ಹೊಳಪು ರಂಧ್ರಗಳ ನಡುವೆ ಚದುರಿ, ಮೆಲ್ಲಗೆ ಚರ್ಮದ ಬಣ್ಣದಲ್ಲಿ ಕರಗುತ್ತದೆ. ನಮ್ಮ ಜೇನಿನ ಬಣ್ಣದ ಬ್ಯಾಗಿನ ಫ್ಲ್ಯಾಪ್ ಮಡಿಯುವಲ್ಲಿ ಹೊಳಪು ಹೀಗೆ ಚದುರಿದೆ, ಒಂದು ಮೂಲೆಯಲ್ಲಿ ಸುಕ್ಕಿನ ಗೆರೆ ಹಾಯ್ದಿದೆ. ಇದು ಉಜ್ಜದ ಚರ್ಮವೆಂದು ನಂಬಲು ಇವು ಒಳ್ಳೆಯ ಕಾರಣಗಳು.

‘ಜೆನ್ಯೂಯಿನ್ ಲೆದರ್’ ಎಂಬ ಚೀಟಿ ಈ ಕೆಲಸ ಮಾಡುವುದಿಲ್ಲ. ದಪ್ಪ ತೊಗಲನ್ನು ಪದರವಾಗಿ ಸೀಳಿದಾಗ ಸಿಗುವ, ಗ್ರೇನ್ ಇಲ್ಲದ ಕೆಳಪದರವೂ ನಿಜವಾದ ಚರ್ಮವೇ.

ಓರೆ ಬೆಳಕು ಹೊಲಿಗೆಗೂ ಉಪಕಾರಿ. ದಾರ ಚರ್ಮದ ಮೇಲೆ ತೇಲುತ್ತಿದೆಯೋ ಒಳಗೆ ಕೂತಿದೆಯೋ ಎಂಬುದು ಅದರ ನೆರಳಿನಿಂದ ತಿಳಿಯುತ್ತದೆ. ಕೈಯಲ್ಲಿ ಹಾಕುವ ಸ್ಯಾಡಲ್ ಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೂ ಸೂಜಿ ಇರುತ್ತದೆ. ಎರಡೂ ಸೂಜಿ ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯುತ್ತವೆ. ಹಾಗಾಗಿ ಒಂದು ಕಡೆ ದಾರ ಕಡಿದರೂ ಉಳಿದ ಹೊಲಿಗೆ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಚರ್ಮದ ದಪ್ಪದೊಳಗೆ ಒಂದನ್ನೊಂದು ಸಿಕ್ಕಿಸಿಕೊಳ್ಳುತ್ತವೆ. ದಾರದ ಬಿಗಿ ಸರಿಯಿಲ್ಲದಿದ್ದರೆ ಆ ಗಂಟು ಹಿಂಬದಿಗೋ ಮುಂಬದಿಗೋ ಹೊರಗೆ ಇಣುಕುತ್ತದೆ. ಹೊಲಿಗೆ ಓರೆಯಾಗಿದ್ದರೆ ಅದು ಕೈಕೆಲಸ ಎಂದು ಹಲವರು ಹೇಳುತ್ತಾರೆ, ಆದರೆ ಅದನ್ನೇ ನಂಬಬಾರದು. ಚರ್ಮಕ್ಕೆಂದೇ ಇರುವ ಸೂಜಿಯ ಮೊನೆ ಓರೆಯಾಗಿ ತೂತು ಕೊರೆದರೆ ಮೆಷಿನ್ ಹೊಲಿಗೆಯೂ ಓರೆಯಾಗುತ್ತದೆ. ನೋಡಬೇಕಾದದ್ದು ಅಂತರ ಒಂದೇ ಸಮನಾಗಿದೆಯೇ, ಸಾಲು ಅಂಚಿನಿಂದ ಸಮದೂರದಲ್ಲಿದೆಯೇ, ತಿರುವಿನಲ್ಲಿ ತೂತುಗಳು ಒತ್ತೊತ್ತಾಗಿವೆಯೇ ಎಂಬುದನ್ನು. ತೂತು ಹತ್ತಿರವಾದಷ್ಟೂ ಚರ್ಮ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯುದ್ದಕ್ಕೂ ಹರಿಯುವ ಸಾಧ್ಯತೆ ಹೆಚ್ಚು.

ಫೋಟೊಗ್ರಾಫರನ್ನು ಹೆಚ್ಚು ಕಾಡುವುದು ಬಕಲ್. ಚರ್ಮಕ್ಕೆ ಬೆಳಕು ಬೇಕು, ಹೊಳೆಯುವ ಲೋಹಕ್ಕೆ ನೋಟ ಬೇಕು. ಲೋಹದಲ್ಲಿ ನಾವು ಕಾಣುವುದೆಲ್ಲ ಅದರ ಎದುರಿಗಿರುವುದರ ಪ್ರತಿಬಿಂಬ. ಸುತ್ತ ಕತ್ತಲೆಯ ಕೋಣೆಯಿದ್ದರೆ ಎಷ್ಟು ದೀಪ ಹಾಕಿದರೂ ಬಕಲ್ ಕಪ್ಪಾಗಿಯೇ ಕಾಣುತ್ತದೆ, ನಡುವೆ ಬಿಳಿ ಚುಕ್ಕಿಯೊಂದು ಉರಿಯುತ್ತದೆ. ಅದಕ್ಕೇ ಬ್ಯಾಗಿನ ಹತ್ತಿರ ದೊಡ್ಡ ಬಿಳಿ ಪರದೆ ನಿಲ್ಲಿಸಿ, ದೀಪವನ್ನು ಅದರ ಹಿಂದೆ ಇಡುತ್ತಾರೆ. ಪರದೆಯ ನಡುಭಾಗ ಹೆಚ್ಚು ಬೆಳಗಿ, ಅಂಚಿಗೆ ಹೋದಂತೆ ಮಂಕಾಗುತ್ತದೆ. ಬಕಲ್ ಮೇಲೆ ಕಾಣುವ, ಬಿಳಿಯಿಂದ ಬೂದಿಗೆ ಜಾರುವ ಮೃದು ಹೊಳಪು ಅದೇ ಪರದೆಯ ಪ್ರತಿಬಿಂಬ. ಇಷ್ಟೇ ಬಿಟ್ಟರೆ ಬಕಲ್ ತಿಳಿಬೂದು ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಪಕ್ಕದಲ್ಲಿ ಸಣ್ಣದೊಂದು ಕಪ್ಪು ರಟ್ಟು ಹಿಡಿದರೆ ಲೋಹದ ಅಂಚಿಗೆ ಸಪೂರ ಕಪ್ಪು ಗೆರೆ ಬಂದು ಆಕಾರ ಗಟ್ಟಿಯಾಗುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ಕಂದು ಚರ್ಮದ ಮೇಲಿನ ಹೊಳಪು ದೀಪದ ಬಣ್ಣದ್ದೇ, ಅಂದರೆ ಬಿಳಿ. ಹಿತ್ತಾಳೆ ಮಾತ್ರ ತನ್ನ ಹಳದಿಯನ್ನು ಹೊಳಪಿಗೂ ಬೆರೆಸುತ್ತದೆ. ಚರ್ಮದ ಮೇಲಿನ ಪ್ರತಿಫಲನವನ್ನು ಕ್ಯಾಮೆರಾದ ಪೋಲರೈಸಿಂಗ್ ಫಿಲ್ಟರ್ ತಿರುಗಿಸಿ ಸಾಕಷ್ಟು ತಗ್ಗಿಸಬಹುದು. ಲೋಹದ್ದನ್ನು ಹಾಗೆ ತಗ್ಗಿಸಲಾಗದು. ಆದ್ದರಿಂದ ಎರಡಕ್ಕೂ ಬೇರೆಬೇರೆ ಫೋಟೊ ತೆಗೆದು ಆಮೇಲೆ ಒಂದಾಗಿ ಸೇರಿಸುವುದು ಸಾಮಾನ್ಯ. ಬ್ಯಾಗಿನ ಕೆಳಗೆ ಕಾಣುವ ತಲೆಕೆಳಗಾದ ಮಸುಕು ಬಿಂಬ ನಯವಾದ ಅಕ್ರಿಲಿಕ್ ಹಾಳೆಯ ಕೊಡುಗೆ. ಬ್ಯಾಗಿನ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಲೋಹದ ವಿಷಯದಲ್ಲೇ ಫೋಟೊ ಸೋಲುವುದು ಹೆಚ್ಚು. ಗಟ್ಟಿ ಹಿತ್ತಾಳೆಯೂ, ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಮೇಲೆ ಪ್ಲೇಟಿಂಗ್ ಮಾಡಿದ್ದೂ ಹೊಸದರಲ್ಲಿ ಒಂದೇ ಥರ ಹೊಳೆಯುತ್ತವೆ. ಬಳಸುತ್ತಾ ಹೋದಂತೆ ಹಿತ್ತಾಳೆ ಮಂಕಾಗುತ್ತದೆ, ಉಜ್ಜಿದರೆ ಮತ್ತೆ ಹಳದಿ ಬರುತ್ತದೆ. ಪ್ಲೇಟಿಂಗ್ ಸವೆದರೆ ಕೆಳಗಿನ ಬೂದುಬಣ್ಣ ತೋರುತ್ತದೆ, ಆ ಮೇಲೆ ಉಜ್ಜಿ ಪ್ರಯೋಜನವಿಲ್ಲ.

ಇಷ್ಟನ್ನೂ ನೋಡಿದ ಮೇಲೆ ನಮ್ಮ ಬ್ಯಾಗಿಗೆ ಹೀಗೆ ಬರೆಯಬಹುದು: ‘ಜೇನಿನ ಬಣ್ಣದ ಚರ್ಮ, ರಂಧ್ರಗಳು ಕಾಣುವಷ್ಟು ತೆಳುವಾದ ಮೆರುಗು. ಫ್ಲ್ಯಾಪಿನ ಬಲಮೂಲೆಯಲ್ಲಿ ಸಹಜ ಸುಕ್ಕಿನ ಗೆರೆಯಿದೆ. ಕೆನೆಬಣ್ಣದ ದಾರ ಅಂಚಿನಿಂದ ಸಮದೂರದಲ್ಲಿ, ಚರ್ಮದೊಳಗೆ ಕೂತಿದೆ. ಬಕಲ್ ಗಟ್ಟಿ ಹಿತ್ತಾಳೆಯದು, ದಿನ ಕಳೆದಂತೆ ಮಂಕಾಗುತ್ತದೆ.’ ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಓದುಗರು ಫೋಟೊದ ಎದುರು ಇಟ್ಟು ಪರೀಕ್ಷಿಸಬಹುದಾದ ಮಾತುಗಳೇ ಹೆಚ್ಚು. ಬಕಲ್ ಬಗೆಗಿನ ಮಾತನ್ನು ಮಾತ್ರ ತಯಾರಿಸಿದವರಿಂದಲೇ ಕೇಳಿ ತಿಳಿದು ಬರೆಯಬೇಕು.

ಕೊಳ್ಳುವವರು ಮಾರುವವರ ಬಳಿ ಇನ್ನೂ ಮೂರು ಫೋಟೊ ಕೇಳಬಹುದು: ಕಿಟಕಿಯ ಓರೆ ಬೆಳಕಿನಲ್ಲಿ ತೆಗೆದ ಚರ್ಮದ ಹತ್ತಿರದ ನೋಟ, ಹೊಲಿಗೆಯ ಹಿಂಬದಿ, ಪಟ್ಟಿಯ ಕತ್ತರಿಸಿದ ಅಂಚು. ಅಂಚಿಗೆ ಬಣ್ಣ ಬಳಿಯದಿದ್ದರೆ ಅಲ್ಲಿ ಚರ್ಮದ ನಾರು ಕಾಣುತ್ತದೆ. ರೆಕ್ಸಿನ್ ಆದರೆ ಬಟ್ಟೆಯ ಮೇಲೆ ಅಂಟಿದ ಪ್ಲಾಸ್ಟಿಕ್ ಪದರ ಕಾಣುತ್ತದೆ. ಸ್ಟುಡಿಯೋದ ಎಷ್ಟೇ ಚೆಂದದ ಹೊಳಪು ಇದ್ದರೂ, ಚರ್ಮವೋ ಅಲ್ಲವೋ ಎಂಬ ಪ್ರಶ್ನೆ ಹೆಚ್ಚಾಗಿ ಬಗೆಹರಿಯುವುದು ಈ ಮೂರನೆಯ ಫೋಟೊದಲ್ಲಿ.