ಸಾವಿರ ಲೀಟರಿನೊಳಗೆ ಏನೇನಿದೆ?

ಹತ್ತು ಲೀಟರಿನ ಬಕೆಟ್ಟಿಗೆ ಕಂಠಮಟ್ಟ ಇಪ್ಪತ್ತು ಮಿಲಿಮೀಟರ್ ಜಲ್ಲಿ ತುಂಬಿ ತೂಕಕ್ಕಿಟ್ಟರೆ ಸುಮಾರು 15 ಕಿಲೋ ಬರುತ್ತದೆ. ತುಂಬಿದ ಆ ಬಕೆಟ್ಟಿಗೇ ಚೊಂಬಿನಿಂದ ನೀರು ಸುರಿಯುತ್ತ ಹೋದರೆ ಇನ್ನೂ ನಾಲ್ಕು ಲೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಅಂದರೆ ಅದರಲ್ಲಿದ್ದ ಕಲ್ಲು ಐದೂವರೆ ಲೀಟರಿನಷ್ಟು ಮಾತ್ರ, ಮಿಕ್ಕಿದ್ದೆಲ್ಲ ಸಂದು. ಮರಳಿನ ಗುಡ್ಡೆಯಲ್ಲೂ ಸಿಮೆಂಟಿನ ಚೀಲದಲ್ಲೂ ಇಂಥ ಸಂದುಗಳಿವೆ. ಕಾಂಕ್ರೀಟಿನಲ್ಲಿ ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಮತ್ತು ನೀರು ಹೋಗಿ ಕೂರುತ್ತವೆ. ಹಾಗಾಗಿ ಬೇರೆಬೇರೆ ಅಳೆದಾಗ ಸಾವಿರದ ಆರುನೂರು ಲೀಟರಿಗೂ ಮೀರುವ ಸಾಮಗ್ರಿ ಕಲಸಿದ ಮೇಲೆ ಸಾವಿರ ಲೀಟರ್, ಅಂದರೆ ಒಂದು ಘನ ಮೀಟರ್ ಕಾಂಕ್ರೀಟಾಗಿ ಕುಗ್ಗುತ್ತದೆ.

ಸಣ್ಣ ಕಟ್ಟಡಗಳಲ್ಲಿ ಮೇಸ್ತ್ರಿಗಳು ಈ ತಲೆನೋವನ್ನು ಬಾಂಡ್ಲಿ ಲೆಕ್ಕದಿಂದ ದಾಟುತ್ತಾರೆ: ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ. ಆದರೆ ಬಾಂಡ್ಲಿ ಅಳೆಯುವುದು ಕಲ್ಲಿನ ಜೊತೆಗೆ ಸಂದನ್ನೂ. ಮರಳು ಒದ್ದೆಯಾದರಂತೂ ಲೆಕ್ಕ ಇನ್ನಷ್ಟು ಕೆಡುತ್ತದೆ. ನಾಲ್ಕೈದು ಶೇಕಡಾ ತೇವವಿರುವ ಮರಳಿನ ಕಣಗಳು ನೀರಿನ ಪೊರೆ ಹೊದ್ದು ಒಂದರಿಂದೊಂದು ದೂರ ಸರಿಯುತ್ತವೆ, ಗುಡ್ಡೆ ಕಾಲು ಭಾಗದಷ್ಟು ಉಬ್ಬುವುದೂ ಉಂಟು. ಆಗ ಬಾಂಡ್ಲಿ ತುಂಬಿದ್ದರೂ ಒಳಗಿನ ಮರಳು ಕಡಿಮೆ. ಭಾರತೀಯ ಮಾನಕ ಐಎಸ್ 456 ಇಂಥ ಸಿದ್ಧ ಅನುಪಾತಗಳನ್ನು ಎಂ20 ದರ್ಜೆಯವರೆಗೆ ಮಾತ್ರ ಒಪ್ಪುತ್ತದೆ. ಅದರಿಂದ ಮೇಲಕ್ಕೆ ಮಿಕ್ಸ್ ಡಿಸೈನ್ ಬೇಕು. ಅದಕ್ಕೆ ದಾರಿ ತೋರುವುದು ಐಎಸ್ 10262. 1982ರಲ್ಲಿ ಬಂದ ಈ ಮಾನಕ 2009ರಲ್ಲಿ, ಮತ್ತೆ 2019ರಲ್ಲಿ ಪರಿಷ್ಕಾರವಾಗಿದೆ. ಇದರ ನಡುಗಂಬವೇ ನಿವ್ವಳ ಗಾತ್ರದ ಲೆಕ್ಕ, ಎಂಜಿನಿಯರುಗಳು ಆಬ್ಸಲ್ಯೂಟ್ ವಾಲ್ಯೂಮ್ ಎಂದು ಕರೆಯುವ ವಿಧಾನ.

ಲೆಕ್ಕದ ತಿರುಳು ಸರಳ. ಪ್ರತಿಯೊಂದು ಸಾಮಗ್ರಿಯ ತೂಕವನ್ನು ಅದರ ಸ್ಪೆಸಿಫಿಕ್ ಗ್ರ್ಯಾವಿಟಿಯಿಂದ ಭಾಗಿಸಿದರೆ, ಸಂದುಗಳನ್ನು ಬಿಟ್ಟು ಅದು ನಿಜಕ್ಕೂ ಆಕ್ರಮಿಸುವ ಜಾಗ ಲೀಟರಿನಲ್ಲಿ ಸಿಗುತ್ತದೆ. ಸ್ಪೆಸಿಫಿಕ್ ಗ್ರ್ಯಾವಿಟಿ ಅಂದರೆ ಅಷ್ಟೇ ಗಾತ್ರದ ನೀರಿಗಿಂತ ವಸ್ತು ಎಷ್ಟು ಪಟ್ಟು ಭಾರ ಎಂಬ ಸಂಖ್ಯೆ. ಸಾಮಾನ್ಯ ಸಿಮೆಂಟಿಗೆ ಅದು 3.15ರ ಆಸುಪಾಸು.

ಜಲ್ಲಿಯದನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯುವುದು ಆರ್ಕಿಮಿಡೀಸನ ಉಪಾಯದಿಂದಲೇ. ಜಲ್ಲಿಯನ್ನು ಒಂದು ದಿನ ನೀರಿನಲ್ಲಿ ನೆನೆಸಿಟ್ಟು, ತಂತಿಬುಟ್ಟಿಯಲ್ಲಿ ನೀರೊಳಗೇ ತೂಗುಹಾಕಿ ತೂಕ ನೋಡುತ್ತಾರೆ. ಆಮೇಲೆ ಹೊರತೆಗೆದು, ಮೈಮೇಲಿನ ಪಸೆ ಹೋಗುವಂತೆ ಬಟ್ಟೆಯಲ್ಲಿ ಒರೆಸಿ ಗಾಳಿಯಲ್ಲಿ ತೂಗುತ್ತಾರೆ. ಗಾಳಿಯಲ್ಲಿ 2000 ಗ್ರಾಂ, ನೀರಿನಲ್ಲಿ 1259 ಗ್ರಾಂ ಬಂದರೆ ವ್ಯತ್ಯಾಸ 741. ಎರಡು ಸಾವಿರವನ್ನು ಅದರಿಂದ ಭಾಗಿಸಿದರೆ 2.70. ಒಳಗೆ ನೀರು ಕುಡಿದು ಹೊರಗೆ ಒಣಗಿದ ಈ ಸ್ಥಿತಿಯೇ ಮುಂದಿನ ಲೆಕ್ಕಕ್ಕೆಲ್ಲ ಆಧಾರ. ಸಿಮೆಂಟಿಗೆ ಮಾತ್ರ ನೀರು ಆಗದು, ಮುಟ್ಟಿದೊಡನೆ ಪ್ರತಿಕ್ರಿಯೆ ಶುರುವಾಗುತ್ತದೆ. ಅದಕ್ಕೇ ಉದ್ದ ಕತ್ತಿನ ಗಾಜಿನ ಕುಪ್ಪಿಯಲ್ಲಿ ಸೀಮೆಎಣ್ಣೆ ಬಳಸುತ್ತಾರೆ.

ಈಗ ಎಂ25 ದರ್ಜೆಯ ಒಂದು ಘನ ಮೀಟರ್ ಕಾಂಕ್ರೀಟನ್ನೇ ಕಟ್ಟಿ ನೋಡಬಹುದು. ಇಪ್ಪತ್ತು ಮಿಲಿಮೀಟರ್ ಜಲ್ಲಿ, 50 ಮಿಲಿಮೀಟರ್ ಸ್ಲಂಪ್ ಇರುವ ಕಾಂಕ್ರೀಟಿಗೆ ಮಾನಕದ ಕೋಷ್ಟಕ ಸೂಚಿಸುವ ನೀರು 186 ಲೀಟರ್. ನೀರು–ಸಿಮೆಂಟ್ ಅನುಪಾತ 0.50 ಎಂದಿಟ್ಟುಕೊಂಡರೆ ಸಿಮೆಂಟು 372 ಕಿಲೋ, ಹೆಚ್ಚುಕಡಿಮೆ ಏಳೂವರೆ ಚೀಲ. ಸಿಮೆಂಟನ್ನು 3.15ರಿಂದ ಭಾಗಿಸಿದರೆ 118 ಲೀಟರ್. ಎಷ್ಟೇ ವೈಬ್ರೇಟರ್ ಹಿಡಿದರೂ ಒಳಗೆ ಸಿಕ್ಕಿಕೊಳ್ಳುವ ಗಾಳಿಗೆ ಶೇಕಡಾ ಒಂದರಂತೆ 10 ಲೀಟರ್. ನೀರು, ಸಿಮೆಂಟು, ಗಾಳಿ ಸೇರಿ 314 ಲೀಟರ್ ಆಯಿತು. ಮಿಕ್ಕ 686 ಲೀಟರ್ ಜಾಗ ಜಲ್ಲಿ ಮತ್ತು ಮರಳಿನದು.

ಅವೆರಡರ ಪಾಲು ಎಷ್ಟೆಷ್ಟು ಎಂಬುದು ಮರಳಿನ ನಯ–ಒರಟಿನ ಮೇಲೆ ನಿಲ್ಲುತ್ತದೆ. ಎರಡನೆಯ ವಲಯದ ಮರಳಾದರೆ ಜಲ್ಲಿಯದು ಶೇಕಡಾ 62. ಅಲ್ಲಿಗೆ ಜಲ್ಲಿ 425 ಲೀಟರ್, ಮರಳು 261 ಲೀಟರ್. ಇಲ್ಲಿಂದ ಲೆಕ್ಕ ಹಿಮ್ಮುಖ: ಗಾತ್ರವನ್ನು ಸ್ಪೆಸಿಫಿಕ್ ಗ್ರ್ಯಾವಿಟಿಯಿಂದ ಗುಣಿಸಬೇಕು. ಜಲ್ಲಿ 2.70ರಂತೆ 1148 ಕಿಲೋ, ಎಂ-ಸ್ಯಾಂಡ್ 2.60 ಇದ್ದರೆ 679 ಕಿಲೋ. ಎಲ್ಲ ಸೇರಿ 2385 ಕಿಲೋ. ಒಂದು ಚೀಲ ಸಿಮೆಂಟಿಗೆ ಇಳಿಸಿದರೆ 25 ಲೀಟರ್ ನೀರು, 91 ಕಿಲೋ ಮರಳು, 154 ಕಿಲೋ ಜಲ್ಲಿ. ಇಷ್ಟಾದರೂ ಇದು ಕಾಗದದ ಮೇಲಿನ ಮಿಕ್ಸ್. ಪ್ರಯೋಗಾಲಯದಲ್ಲಿ ಕಲಸಿ, ಕ್ಯೂಬ್ ಎರೆದು, 28 ದಿನಕ್ಕೆ ಒಡೆದು ನೋಡಿದ ಮೇಲೆಯೇ ಅದಕ್ಕೆ ಬೆಲೆ.

ಪ್ಲಾಂಟಿನಲ್ಲಿ ಎಡವುವುದು ಹೆಚ್ಚಾಗಿ ತೇವದಲ್ಲಿ. ಮಳೆ ಬಿದ್ದ ಮಾರನೆಯ ದಿನ ಎಂ-ಸ್ಯಾಂಡಿನ ಮೈಮೇಲೆ ಶೇಕಡಾ ಮೂರರಷ್ಟು ಹೆಚ್ಚುವರಿ ನೀರಿದೆ ಎನ್ನೋಣ. 679 ಕಿಲೋಗೆ ಅದು ಸುಮಾರು 20 ಲೀಟರ್. ಮರೆಯಲ್ಲಿದ್ದು ಒಣಗಿದ ಜಲ್ಲಿ ಉಲ್ಟಾ ಆರು ಲೀಟರ್ ಕುಡಿಯುತ್ತದೆ. ಹಾಗಾಗಿ ಆ ದಿನ ಮರಳನ್ನು 699 ಕಿಲೋ, ಜಲ್ಲಿಯನ್ನು 1142 ಕಿಲೋ ತೂಗಿ, ನೀರನ್ನು 172 ಲೀಟರಿಗೆ ಇಳಿಸಬೇಕು. ಒಟ್ಟು ತೂಕ ಅದೇ 2385. ಇದನ್ನು ಮಾಡದೆ ಹಳೆಯ ಅಂಕಿಗಳನ್ನೇ ಒತ್ತಿದರೆ ಮಿಕ್ಸಿನಲ್ಲಿ ನೀರು 200 ಲೀಟರ್ ಮುಟ್ಟಿ ಅನುಪಾತ 0.54ಕ್ಕೆ ಏರುತ್ತದೆ. ಕಾಂಕ್ರೀಟು ಸರಾಗವಾಗಿ ಹರಿಯುವುದರಿಂದ ಎರೆಯುವವರಿಗೆ ಖುಷಿ. ಬಲ ಕುಸಿದದ್ದು ಗೊತ್ತಾಗುವುದು ತಿಂಗಳ ನಂತರ ಕ್ಯೂಬ್ ಒಡೆದಾಗ.

ಇನ್ನೊಂದು ತಪ್ಪು ಹಾರುಬೂದಿಯದು. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ಕಲ್ಲಿದ್ದಲು ಉರಿದು ಉಳಿಯುವ ಈ ಬೂದಿಯನ್ನು ಸಿಮೆಂಟಿನ ಒಂದು ಪಾಲಿನ ಬದಲು ಬಳಸುವುದು ಈಗ ರೂಢಿ. ಮೇಲಿನ ಮಿಕ್ಸಿನಲ್ಲಿ 112 ಕಿಲೋ ಸಿಮೆಂಟು ತೆಗೆದು ಅಷ್ಟೇ ತೂಕದ ಬೂದಿ ಹಾಕಿದರೆ ತಕ್ಕಡಿಗೆ ಏನೂ ವ್ಯತ್ಯಾಸ ಕಾಣದು. ಆದರೆ ಬೂದಿಯ ಸ್ಪೆಸಿಫಿಕ್ ಗ್ರ್ಯಾವಿಟಿ 2.2ರ ಸುತ್ತಮುತ್ತ. ಸಿಮೆಂಟು 36 ಲೀಟರ್ ಜಾಗ ಬಿಟ್ಟುಕೊಟ್ಟರೆ ಬೂದಿ 51 ಲೀಟರ್ ಬೇಡುತ್ತದೆ. ಸಾವಿರ ಲೀಟರಿನ ಮಿಕ್ಸ್ 1015 ಲೀಟರಾಗಿ ಉಬ್ಬುತ್ತದೆ, ಘನ ಮೀಟರಿಗೆ ಸಿಮೆಂಟು ಮತ್ತು ಬೂದಿ ಸೇರಿ 372ರ ಬದಲು 366 ಕಿಲೋ ಮಾತ್ರ ಉಳಿಯುತ್ತದೆ. ಸರಿಪಡಿಸಲು ಮರಳಿನಲ್ಲಿ ಆ 15 ಲೀಟರ್, ಅಂದರೆ 39 ಕಿಲೋ ಕಡಿಮೆ ಮಾಡಿದರಾಯಿತು.

ಇಂಥ ಉಬ್ಬನ್ನು ಪತ್ತೆಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಅಳತೆ ಖಚಿತವಾಗಿರುವ ಹತ್ತು ಲೀಟರಿನ ಉಕ್ಕಿನ ಪಾತ್ರೆಗೆ ಹಸಿ ಕಾಂಕ್ರೀಟು ತುಂಬಿ, ಕುಟ್ಟಿ, ಮಟ್ಟ ಮಾಡಿ ತೂಗಬೇಕು. ಲೆಕ್ಕ ಸರಿಯಿದ್ದರೆ 23.85 ಕಿಲೋ. ಬೂದಿಯ ತಪ್ಪಾಗಿದ್ದರೆ 23.5ರ ಹತ್ತಿರ. ಗಾಳಿ ಹೆಚ್ಚು ಸಿಕ್ಕಿದ್ದರೂ, ನೀರು ಮೀರಿದ್ದರೂ ತೂಕ ಹೀಗೇ ಇಳಿಯುತ್ತದೆ. ಆದ್ದರಿಂದ ಕಾರಣ ಯಾವುದೆಂದು ತಿಳಿಯಲು ಸ್ಲಂಪ್ ನೋಡಬೇಕು, ಮರಳಿನ ತೇವ ಅಳೆಯಬೇಕು. ತೂಕ ಏರಿದ್ದರೆ ಸಾಮಾನ್ಯವಾಗಿ ಕ್ವಾರಿ ಬದಲಾಗಿ ಹೆಚ್ಚು ಭಾರದ ಕಲ್ಲು ಬಂದಿರುತ್ತದೆ, ಮಿಕ್ಸ್ ಸಾವಿರ ಲೀಟರ್ ಮುಟ್ಟಿರುವುದಿಲ್ಲ. ಆರು ಘನ ಮೀಟರ್ ಎಂದು ಬಂದ ಲಾರಿ ಖಾಲಿಯಾದರೂ ಸ್ಲ್ಯಾಬಿನ ಮೂಲೆಯೊಂದು ತುಂಬದೆ ಉಳಿಯುವುದಕ್ಕೆ ಹಲವು ಸಲ ಇದೇ ಕಾರಣ.